ನೇಪಾಳದ ಚಾರಣದಲ್ಲಿ ಕಿವಿಗೆ ಬೀಳುವ ಮಾತುಗಳು

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್‌ಗೆ ಹೊರಟಿದ್ದೇವೆ. ಧನ್ಯಬಾದ್, ಬಿಸ್ತಾರಿ ಅಂತ ಎರಡು ಪದ ಕಲಿತಿದ್ದೀನಿ. ಅಲ್ಲಿನ ಗೈಡ್‌ಗಳು, ಅಂಗಡಿಯವರು ದಿನಾ ಆಡೋ ಮಾತು ಯಾವುವು, ಯಾವಾಗ ಬಳಸ್ತಾರೆ? ಹಿಂದಿ ಸಾಕಾಗಲ್ವಾ?

ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ಆದರೆ ಗೈಡ್ ಮತ್ತು ಪೋರ್ಟರ್ ನಿಮ್ಮ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ನೇಪಾಳಿಯಲ್ಲಿ. ಅದರಲ್ಲಿ ನಾಲ್ಕು ಮಾತು ಅರ್ಥವಾದರೂ ದೊಡ್ಡ ಉಪಕಾರ. ಅದು ಯಾಕೆ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಧನ್ಯಬಾದ್. ಬರೆಯುವುದು ಧನ್ಯವಾದ ಅಂತಲೇ, ಬಾಯಲ್ಲಿ ‘ವ’ ಹೋಗಿ ‘ಬ’ ಆಗುತ್ತದೆ. ಪ್ರವಾಸಿಗರ ಬಾಯಲ್ಲಿ ಕೇಳಿ ಕೇಳಿ ಎಲ್ಲರಿಗೂ ಅಭ್ಯಾಸವಾಗಿದೆ, ಹೇಳಿದರೆ ಖುಷಿಪಡುತ್ತಾರೆ. ಆದರೆ ಅವರವರ ನಡುವೆ ಇದರ ಬಳಕೆ ಕಡಿಮೆ. ನಮ್ಮಲ್ಲೂ ಊಟ ಬಡಿಸಿದ ಅತ್ತಿಗೆಗೆ ಯಾರೂ ಧನ್ಯವಾದ ಹೇಳುವುದಿಲ್ಲವಲ್ಲ, ಹಾಗೆಯೇ. ಚಹಾ ತಂದಿಟ್ಟಾಗ ಒಬ್ಬ ನೇಪಾಳಿ ತಲೆಯಾಡಿಸುತ್ತಾನೆ, ಇಲ್ಲವೇ ‘ಹುನ್ಛ’ ಅನ್ನುತ್ತಾನೆ. ‘ಹುನ್ಛ’ ಅಂದರೆ ಆಯ್ತು, ಸರಿ, ಆಗುತ್ತೆ. ದಿನಕ್ಕೆ ಅತಿ ಹೆಚ್ಚು ಸಲ ಕಿವಿಗೆ ಬೀಳುವುದು ಬಹುಶಃ ಇದೇ. ಜೊತೆಗೆ ಎರಡು ಪುಟ್ಟ ಪದಗಳಿವೆ: ‘ಲ’ ಮತ್ತು ‘ಹೈ’. ಹೊರಡುವಾಗ ‘ಲ, ಜಾಉಂ’ ಅಂದರೆ ‘ಸರಿ, ಹೋಗೋಣ’. ‘ಬಿಸ್ತಾರೈ ಜಾನುಸ್ ಹೈ’ ಅಂದರೆ ‘ನಿಧಾನಕ್ಕೆ ಹೋಗಿ, ಆಯ್ತಾ’. ಆ ‘ಹೈ’ ಹಿಂದಿಯ ‘ಹೈ’ ಅಲ್ಲ, ನಮ್ಮ ‘ಆಯ್ತಾ’ದ ಹಾಗೆ ಮಾತನ್ನು ಮೃದುಮಾಡುವ ಬಾಲ.

ಮೆಚ್ಚುಗೆ ತೋರಿಸಲು ಊಟದ ಹೊತ್ತೇ ಸರಿಯಾದ ಜಾಗ. ಲಾಡ್ಜ್‌ಗಳಲ್ಲಿ ದಾಲ್ ಭಾತ್ ತೆಗೆದುಕೊಂಡರೆ ಸಾಮಾನ್ಯವಾಗಿ ಅನ್ನ, ಬೇಳೆ, ತರಕಾರಿ ಮತ್ತೆ ಬಡಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಪಾತ್ರೆ ಹಿಡಿದು ಬಂದವರು ‘ಭಾತ್ ಥಪ್ನೆ?’ ಎಂದು ಕೇಳುತ್ತಾರೆ, ಇನ್ನಷ್ಟು ಹಾಕಲಾ ಎಂದು. ಸ್ವಲ್ಪ ಬೇಕಿದ್ದರೆ ‘ಅಲಿಕತಿ’. ಸಾಕಾಗಿದ್ದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ‘ಪುಗ್ಯೊ’ ಅನ್ನಿ. ಸುಮ್ಮನಿದ್ದರೆ ಅನ್ನ ಬಿದ್ದೇ ಬೀಳುತ್ತದೆ, ಅಷ್ಟು ದೂರ ಬೆನ್ನ ಮೇಲೆ ಹೊತ್ತು ತಂದ ಅಕ್ಕಿಯನ್ನು ತಟ್ಟೆಯಲ್ಲಿ ಬಿಡುವುದು ಸರಿಯಲ್ಲ. ಏಳುವಾಗ ‘ಮೀಠೊ ಛ ದೀದಿ’, ರುಚಿಯಾಗಿದೆ ಅಕ್ಕ, ಅಂದುಬಿಟ್ಟರೆ ಹತ್ತು ಧನ್ಯಬಾದ್‌ಗೆ ಸಮ.

ಆ ‘ದೀದಿ’ ಮುಖ್ಯ. ನಿಮಗಿಂತ ದೊಡ್ಡವಳಂತೆ ಕಂಡರೆ ದೀದಿ, ಚಿಕ್ಕವಳಾದರೆ ಬಹಿನಿ; ದೊಡ್ಡವನಾದರೆ ದಾಯ್, ಚಿಕ್ಕವನಾದರೆ ಭಾಯ್. ಅಂಗಡಿಯವರನ್ನು ಸಾಹುಜೀ, ಸಾಹುನಿ ಅನ್ನುವುದೂ ಉಂಟು. ಕಂಡವರನ್ನೆಲ್ಲ ‘ಬಹಾದ್ದೂರ್’ ಎಂದು ಕೂಗುವ ಅಭ್ಯಾಸ ನಮ್ಮ ಅಪಾರ್ಟ್‌ಮೆಂಟ್‌ಗಳಿಂದ ಅಲ್ಲಿಗೂ ಹೋಗುತ್ತದೆ. ದಯವಿಟ್ಟು ಅದನ್ನು ಬಿಟ್ಟು ಹೋಗಿ, ಅವರಿಗೆ ಅದು ನೋವಿನ ಮಾತು. ‘ಶೆರ್ಪಾ’ ಕೂಡ ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರು. ನಿಮ್ಮ ಪೋರ್ಟರ್ ರಾಯಿ ಅಥವಾ ತಾಮಾಂಗ್ ಆಗಿರಬಹುದು, ಹಾಗಾಗಿ ನೇಪಾಳಿ ಅವರಲ್ಲಿ ಅನೇಕರಿಗೆ ಮನೆಮಾತೇ ಅಲ್ಲ.

ಅಂಗಡಿಯಲ್ಲಿ ‘ಯೊ ಕತಿ ಹೊ?’ ಅಂದರೆ ಇದು ಎಷ್ಟು. ಸಂಖ್ಯೆಗಳು ಹೆಚ್ಚುಕಮ್ಮಿ ಹಿಂದಿಯಂತೆ, ಆದರೆ ನೂರಕ್ಕೆ ‘ಸಯ’. ‘ದುಯಿ ಸಯ’ ಅಂದರೆ ಇನ್ನೂರು. ಭಾರತೀಯರೆಂದು ಗೊತ್ತಾದರೆ ‘ಐಸಿ ಕಿ ಎನ್‌ಸಿ?’ ಎನ್ನುವ ಪ್ರಶ್ನೆ ಬರಬಹುದು, ಭಾರತದ ರೂಪಾಯಿಯೋ ನೇಪಾಳದ್ದೋ ಎಂದು. ನಮ್ಮ 100 ರೂಪಾಯಿ ಅವರ 160ಕ್ಕೆ ಸಮ. 1993ರಿಂದ ಈ ದರ ಬದಲಾಗಿಲ್ಲ. ಬೆಲೆ ಹೇಳಿದಾಗ ಯಾವ ರೂಪಾಯಿ ಎಂದು ಮೊದಲು ಕೇಳಿಕೊಳ್ಳಿ. ಕಾಠ್ಮಂಡುವಿನ ಠಮೇಲ್‌ನಲ್ಲಿ ಚೌಕಾಸಿ ನಡೆಯುತ್ತದೆ: ‘ಅಲಿ ಮಿಲಾಉನುಸ್ ನ’, ಸ್ವಲ್ಪ ಹೊಂದಿಸಿಕೊಡಿ. ಆಗಲ್ಲ ಅನ್ನಬೇಕಾದರೆ ಅವರು ‘ಮಿಲ್ದೈನ’ ಅನ್ನುತ್ತಾರೆ. ನಡಿಗೆ ಶುರುವಾಗುವ ಲುಕ್ಲಾ ದಾಟಿದ ಮೇಲೆ ಚೌಕಾಸಿ ಬೇಡ. ಬಿಸ್ಕತ್ತಿನ ಪೊಟ್ಟಣ ಕೂಡ ಮನುಷ್ಯರ ಅಥವಾ ಪ್ರಾಣಿಗಳ ಬೆನ್ನ ಮೇಲೆ ಬಂದಿರುತ್ತದೆ, ಬೆಲೆ ಅದಕ್ಕೆ ತಕ್ಕಂತೆ ಏರುತ್ತದೆ.

ಈಗ ಬಿಸ್ತಾರೈ, ನೀವು ಬಿಸ್ತಾರಿ ಅಂತ ಕಲಿತ ಪದ. ಇದನ್ನು ಬೀಳ್ಕೊಡುವ ಒಳ್ಳೆಯ ಮಾತಾಗಿಯೂ ಹೇಳುತ್ತಾರೆ, ನಾವು ‘ಹುಷಾರಾಗಿ ಹೋಗಿ ಬನ್ನಿ’ ಅನ್ನುವಂತೆ. ಹತ್ತುವಾಗ ಗೈಡ್ ಹೇಳಿದರೆ ಮಾತ್ರ ಅದು ಉಪಚಾರವಲ್ಲ, ಸೂಚನೆ. ಫಾಕ್‌ಡಿಂಗ್ 2,610 ಮೀಟರ್, ನಾಮ್ಚೆ ಬಜಾರ್ 3,440. ಈ ಎರಡು ಊರುಗಳ ನಡುವಿನ ನಡಿಗೆಯ ಕೊನೆಯಲ್ಲಿ ಎತ್ತರದ ತೂಗುಸೇತುವೆ ದಾಟಿದ ಮೇಲೆ ಎಲ್ಲವೂ ‘ಉಕಾಲೊ’, ಏರು. (ಇಳಿಜಾರು ‘ಓರಾಲೊ’.) ಗಟ್ಟಿಮುಟ್ಟಾದ ಹುಡುಗರು ಬಿರುಸಿನಿಂದ ಹತ್ತುವುದು ಇಲ್ಲೇ. ನಡೆಯುತ್ತಲೇ ಇಡೀ ವಾಕ್ಯ ಮಾತಾಡಲು ಉಸಿರು ಉಳಿದಿದ್ದರೆ ನಿಮ್ಮ ವೇಗ ಸರಿ. ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದರೆ ‘ಬಿಸ್ತಾರೈ’ ಹೇಳಿದ್ದು ನಿಮಗೇ.

ನಿಧಾನ ಬರೀ ಹೆಜ್ಜೆಯಲ್ಲಿ ಇದ್ದರೆ ಸಾಲದು, ದಿನಗಳಲ್ಲೂ ಇರಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಕಳೆಯಬೇಕು. ನಾಮ್ಚೆಯಲ್ಲೂ ಡಿಂಗ್‌ಬೋಚೆಯಲ್ಲೂ (4,410 ಮೀಟರ್) ಹೆಚ್ಚುವರಿ ದಿನ ಇಡುವುದು ಇದಕ್ಕೇ.

ಇದನ್ನು ಮೀರಿದರೆ ಕೇಳುವ ಮಾತು ‘ಲೇಕ್ ಲಾಗ್ಯೊ’. ಲೇಕ್ ಅಂದರೆ ಎತ್ತರದ ಬೆಟ್ಟ, ಲಾಗ್ಯೊ ಅಂದರೆ ತಾಗಿತು. ಎತ್ತರದ ಕಾಯಿಲೆಗೆ ಊರವರ ಹೆಸರು ಇದು. ಈ ‘ಲಾಗ್ಯೊ’ ಕನ್ನಡಿಗರಿಗೆ ಸಲೀಸು: ‘ಮಲಾಯಿ ಭೋಕ್ ಲಾಗ್ಯೊ’ ನನಗೆ ಹಸಿವಾಯ್ತು, ‘ಮಲಾಯಿ ಜಾಡೊ ಲಾಗ್ಯೊ’ ನನಗೆ ಚಳಿಯಾಯ್ತು. ನಮ್ಮ ಹಾಗೆಯೇ ‘ನನಗೆ’ ಎಂದು ಶುರು. ‘ರಿಂಗಟಾ ಲಾಗ್ಯೊ’ ತಲೆ ಸುತ್ತಿತು, ‘ವಾಕ್‌ವಾಕಿ ಲಾಗ್ಯೊ’ ವಾಕರಿಕೆ ಬಂತು. ತಲೆನೋವಿಗೆ ‘ಟಾಉಕೊ ದುಖ್ಯೊ’.

ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಡಿಂಗ್‌ಬೋಚೆಯ ಲಾಡ್ಜ್‌ನಲ್ಲಿ ನಿಮ್ಮ ಜೊತೆಗಾರ ಅನ್ನ ಮುಟ್ಟುತ್ತಿಲ್ಲ. ಗೈಡ್ ‘ಕಸ್ತೊ ಛ?’ (ಹೇಗಿದೆ?) ಅನ್ನುತ್ತಾನೆ. ಬೇಸ್ ಕ್ಯಾಂಪ್ ಕೈತಪ್ಪೀತೆಂದು ಜೊತೆಗಾರ ‘ಠೀಕ್ ಛ’ ಅಂದುಬಿಡುತ್ತಾನೆ. ಒಲೆಯ ಬಳಿ ಗೈಡ್ ಪೋರ್ಟರ್‌ಗೆ ‘ಲೇಕ್ ಲಾಗೇ ಜಸ್ತೊ ಛ’ ಅನ್ನುವುದು ನಿಮ್ಮ ಕಿವಿಗೆ ಬೀಳುತ್ತದೆ: ಲೇಕ್ ತಾಗಿದ ಹಾಗಿದೆ. ಆಗ ನೀವೇ ನಡುವೆ ಬಂದು ನಿಜ ಹೇಳಿ, ‘ಉಸ್‌ಲಾಯಿ ಸಂಚೊ ಛೈನ’, ಅವನಿಗೆ ಹುಷಾರಿಲ್ಲ. ತಲೆನೋವು, ವಾಕರಿಕೆ ಮಾತ್ರ ಇದ್ದರೆ ಮರುದಿನ ಮೇಲೇರದೆ ಅಲ್ಲೇ ಉಳಿಯಬೇಕು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಗೈಡ್ ‘ತಲ ಝರೌಂ’ ಅಂದರೆ ಕೆಳಗಿಳಿಯೋಣ ಎಂದರ್ಥ. ಅದಕ್ಕೆ ನಿಮ್ಮ ಉತ್ತರ ‘ಹುನ್ಛ’.