ಕೋಷ್ಟಕದಲ್ಲಿ ಕಳೆದುಹೋಗುವ ‘ಸಾಮಾನ್ಯವಾಗಿ’

ಪ್ರಶ್ನೆ: ಅರೇಬಿಕಾ–ರೋಬಸ್ಟಾ ಕಾಫಿಯ ಹೋಲಿಕೆಯನ್ನು ಬೆಳೆಗಾರರ ಕೈಪಿಡಿಗಾಗಿ ಕೋಷ್ಟಕ ಮಾಡಿದೆ. ಚೊಕ್ಕವಾಗಿದೆ, ಆದರೆ ವಿವರ ಹೋಗಿದೆ ಎನ್ನುತ್ತಾರೆ. ಎಲ್ಲಿ ಹೋಯಿತು?

ಗೆರೆ ಮೊದಲು, ಓದು ಆಮೇಲೆ ಎಂಬ ಅವಸರದಲ್ಲಿ ಹೋಯಿತು. ಇದನ್ನು ನಾನು ಎಷ್ಟನೆಯ ಸಲ ಬರೆಯುತ್ತಿದ್ದೇನೋ ಲೆಕ್ಕವಿಲ್ಲ. ನೀವು ಕಳುಹಿಸಿದ ಮೂಲದ ಮುಖ್ಯ ಭಾಗ ಹೀಗಿದೆ: “ಸಾಮಾನ್ಯವಾಗಿ ಅರೇಬಿಕಾ 1000ದಿಂದ 1500 ಮೀಟರ್, ರೋಬಸ್ಟಾ 500ರಿಂದ 1000 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಆದ್ದರಿಂದ ಹೂ ಅರಳಿದ ದಿನ ಮಳೆ ಸುರಿದರೆ ಅದಕ್ಕೆ ಪೆಟ್ಟು ಹೆಚ್ಚು. ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟವಿದೆ.”

ಇದನ್ನು ಒಂದೊಂದೇ ಹೇಳಿಕೆಯಾಗಿ ಒಡೆದು ಅಂಕಿ ಹಾಕಿದರೆ ಆರು ಸಿಗುತ್ತವೆ. ನಿಮ್ಮ ಕೋಷ್ಟಕದಲ್ಲಿ ಐದೇ ಇವೆ. ಜೊತೆಗೆ ಮೂಲದಲ್ಲಿ ಇಲ್ಲದ ಒಂದು ಸೇರಿಕೊಂಡಿದೆ. ಹೀಗಿರಬೇಕಿತ್ತು:

| | ಅರೇಬಿಕಾ | ರೋಬಸ್ಟಾ |
|---|---|---|
| ಸಾಮಾನ್ಯ ಎತ್ತರ (ಮೀಟರ್) | 1000–1500 | 500–1000 |
| ಕಾಯಿ ಕಟ್ಟಲು ಪರಾಗ | ತನ್ನದೇ ಸಾಕು | ಬೇರೆ ಗಿಡದ್ದು ಬೇಕು* |
| ಬಿಳಿ ಕಾಂಡಕೊರಕ | ಕಾಟವಿದೆ | ಮೂಲದಲ್ಲಿ ಹೇಳಿಲ್ಲ |

*ಆದ್ದರಿಂದ ಹೂ ಅರಳಿದ ದಿನ ಮಳೆ ಸುರಿದರೆ ಪೆಟ್ಟು ಹೆಚ್ಚು.

ನೀವು ಬಿಟ್ಟದ್ದು ಈ ‘ಆದ್ದರಿಂದ’ವನ್ನು. ಕೋಷ್ಟಕದ ಮನೆಗಳು ಪಕ್ಕಪಕ್ಕದಲ್ಲಿ ಕೂರುತ್ತವೆಯೇ ಹೊರತು ಒಂದಕ್ಕೊಂದು ಕಾರಣವಾಗುವುದಿಲ್ಲ. ಮಳೆಗೆ ಬೇರೆ ಅಡ್ಡಸಾಲು ಕೊಟ್ಟಿದ್ದರೂ ಅರೇಬಿಕಾದ ಮನೆ ಖಾಲಿ ಉಳಿದು, ಕಾರಣವಂತೂ ಕಾಣದೆ ಹೋಗುತ್ತಿತ್ತು. ಕಾರಣ, ಷರತ್ತು, ಅಪವಾದಗಳಿಗೆ ಅಡಿಟಿಪ್ಪಣಿಯೇ ಸರಿಯಾದ ಜಾಗ. ‘ಸಾಮಾನ್ಯವಾಗಿ’ ಎಂಬುದು ಇಡೀ ಸಾಲಿಗೆ ಅನ್ವಯಿಸುವುದರಿಂದ ಅಳತೆಯ ಏಕಮಾನದೊಂದಿಗೆ ತಲೆಬರಹಕ್ಕೆ ಹೋಗಬೇಕು; ಅದನ್ನು ಕಿತ್ತರೆ 950 ಮೀಟರಿನಲ್ಲಿ ಅರೇಬಿಕಾ ಇಟ್ಟಿರುವವರು ತಮ್ಮ ತೋಟವೇ ತಪ್ಪು ಎಂದುಕೊಳ್ಳುತ್ತಾರೆ.

ನನಗೆ ಸಿಟ್ಟು ಬಂದದ್ದು ಕಾಂಡಕೊರಕದ ಸಾಲಿನಲ್ಲಿ. ಲೇಖಕರು ರೋಬಸ್ಟಾದ ಬಗ್ಗೆ ಏನೂ ಹೇಳಿರದಿದ್ದರೂ ನೀವು ‘ಇಲ್ಲ’ ಎಂದು ತುಂಬಿದ್ದೀರಿ. ರೋಬಸ್ಟಾ ಈ ಹುಳುವಿನ ಪ್ರಮುಖ ಗುರಿಯಲ್ಲ ಎಂಬುದು ನಿಜವೇ, ಆದರೆ ಅದನ್ನು ಲೇಖಕರಿಂದ ಕೇಳಿ ಸೇರಿಸಬೇಕು. ಮನೆ ಖಾಲಿ ಕಾಣುತ್ತದೆಂದು ಊಹೆಯನ್ನು ತುರುಕಬಾರದು. ಬರಿಯ ಅಡ್ಡಗೆರೆಯೂ ಬೇಡ, ಅದನ್ನೂ ಓದುಗರು ‘ಇಲ್ಲ’ವೆಂದೇ ಓದುತ್ತಾರೆ.

ಪರೀಕ್ಷೆ ಸುಲಭವಿದೆ. ಮೂಲವನ್ನು ಮುಚ್ಚಿಟ್ಟು, ಕೋಷ್ಟಕವನ್ನಷ್ಟೇ ನೋಡಿ ಮತ್ತೆ ಗದ್ಯ ಬರೆಯಿರಿ, ಬಳಿಕ ನೀವು ಹಾಕಿದ ಅಂಕಿಗಳೊಂದಿಗೆ ತಾಳೆ ನೋಡಿ. ಈ ಕೆಲಸವನ್ನು ಮೂಲ ಓದಿರದ ಇನ್ನೊಬ್ಬರಿಂದ ಮಾಡಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ನಿಮ್ಮ ನೆನಪು ನಿಮಗೆ ಸುಳ್ಳುಸಾಕ್ಷಿ ಹೇಳುತ್ತದೆ.

ಪ್ರಶ್ನೆ: ಒಂದು ಮನೆಯಲ್ಲಿ ಮೂರು ಪದ ಮೀರಬಾರದು ಎಂದು ಕಾರ್ಯಾಗಾರದಲ್ಲಿ ಹೇಳಿಕೊಟ್ಟರು. ನಿಜವೇ?

ಶುದ್ಧ ಸುಳ್ಳು, ಆರು ಪದ ಬೇಕಾದಲ್ಲಿ ಆರು ಬರೆಯಿರಿ.

ಪ್ರಶ್ನೆ: ಎರಡೂ ಕಾಫಿಗೆ ಒಂದೇ ಉತ್ತರವಿರುವ ಸಾಲುಗಳನ್ನು ಏನು ಮಾಡಲಿ?

ಕೋಷ್ಟಕದಿಂದ ತೆಗೆದು, ಮೇಲೆ ಒಂದು ವಾಕ್ಯದಲ್ಲಿ ಹೇಳಿ.