ಪೇಪರ್‌ನಲ್ಲಿ ಮೂರನೇ ಒಂದು ಭಾಗ ಕತ್ತರಿಸುವಾಗ ಕೈ ಎಲ್ಲಿಡಬೇಕು?

ಪ್ರಶ್ನೆ: ಮುಂಬೈನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಪೇಪರ್ 9,000 ಪದ ದಾಟಿದೆ, ಜರ್ನಲ್‌ನ ಮಿತಿ 6,000. ಎಷ್ಟು ತಿದ್ದಿದರೂ 500 ಪದ ಮಾತ್ರ ಇಳಿಯಿತು. ಮುಖ್ಯ ಫಲಿತಾಂಶ ಹೋಗದ ಹಾಗೆ ಹೇಗೆ ಕತ್ತರಿಸೋದು?

ನೀವು ಒಂದೊಂದೇ ವಾಕ್ಯ ಹಿಡಿದು ತಿದ್ದುತ್ತಿದ್ದೀರಿ ಅನ್ನಿಸುತ್ತದೆ. ಹಾಗೆ ಮಾಡಿದರೆ ಮೂರನೇ ಒಂದು ಭಾಗ ಹೋಗುವುದಿಲ್ಲ. ಪ್ಯಾರಾಗಳೇ ಹೋಗಬೇಕು. ಯಾವ ಪ್ಯಾರಾ ಅಂತ ಮೊದಲು ಗೊತ್ತಾಗಬೇಕು, ಅಲ್ವಾ?

ನಾನು ಪುಣೆಯಲ್ಲಿ ಅಂತರ್ಜಲದ ಕೆಲಸ ಮಾಡುತ್ತೇನೆ. ನನ್ನ ಪೇಪರ್ ಕೂಡ 9,100 ಪದ ಇತ್ತು, 6,000ಕ್ಕೆ ಇಳಿಸಬೇಕಿತ್ತು. ಇಲ್ಲಿನ ನೆಲದಡಿ ಕಪ್ಪು ಬಸಾಲ್ಟ್ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ, ಶಿಥಿಲವಾದ ಮೇಲುಪದರದಲ್ಲಿ. ಜಿನುಗು ಕೆರೆಯ (ಇಲ್ಲಿಯವರ ಬಾಯಲ್ಲಿ ಪಾಝರ್ ತಲಾವ್) ಹತ್ತಿರದ ಬಾವಿಗಳಲ್ಲಿ ಬೇಸಿಗೆಯವರೆಗೂ ನೀರು ಉಳಿಯುತ್ತದೆಯೇ ಅನ್ನುವುದು ನನ್ನ ಪ್ರಶ್ನೆ.

ಕಂಪ್ಯೂಟರ್ ಮುಚ್ಚಿಟ್ಟು ಒಂದು ಹಾಳೆ ತೆಗೆದುಕೊಂಡೆ. ಪೇಪರ್ ನೋಡದೆ ನನ್ನ ವಾದವನ್ನು ಒಂದು ವಾಕ್ಯದಲ್ಲಿ ಬರೆದೆ. ಅದರ ಕೆಳಗೆ, ಆ ವಾದ ನಿಲ್ಲಲು ಬೇಕಾದ ಫಲಿತಾಂಶಗಳನ್ನು ಬರೆದೆ. ನಾಲ್ಕೇ ಬಂದವು. ಆಮೇಲೆ ಪೇಪರ್ ಪ್ರಿಂಟ್ ಹಾಕಿಸಿ, ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಯಾವ ಫಲಿತಾಂಶಕ್ಕೆ ಸಂಬಂಧಪಟ್ಟದ್ದು ಅಂತ 1, 2, 3, 4 ಹಾಕುತ್ತಾ ಹೋದೆ. ಕೆಲವು ಪ್ಯಾರಾಗಳಿಗೆ ಯಾವ ನಂಬರೂ ಸಿಗಲಿಲ್ಲ. ಇನ್ನು ಕೆಲವು ಕಡೆ ಒಂದೇ ನಂಬರ್ ಮೂರು ಸಲ ಬಂತು: ಫಲಿತಾಂಶದಲ್ಲಿ ಒಮ್ಮೆ, ಚರ್ಚೆಯ ಮೊದಲಲ್ಲಿ ಇನ್ನೊಮ್ಮೆ, ಕೊನೆಯಲ್ಲಿ ಮತ್ತೊಮ್ಮೆ. ಬೊಜ್ಜು ಎಲ್ಲಿದೆ ಅಂತ ಆಗ ಕಣ್ಣಿಗೆ ಕಂಡಿತು.

ಪೀಠಿಕೆಯಲ್ಲಿ 1,000 ಪದ ಹೋಯಿತು. ಹಿಂದಿನವರ ಕೆಲಸವನ್ನು ಒಬ್ಬೊಬ್ಬರಿಗೆ ಒಂದು ಪ್ಯಾರಾದಂತೆ ಹೇಳಿದ್ದೆ. ನನ್ನ ಪ್ರಶ್ನೆಗೆ ದಾರಿ ಮಾಡಿಕೊಟ್ಟವರನ್ನು ಉಳಿಸಿ, ಒಂದೇ ಮಾತು ಹೇಳಿದವರನ್ನು ಒಂದೇ ವಾಕ್ಯದಲ್ಲಿ ಸೇರಿಸಿದೆ. ಚರ್ಚೆಯಲ್ಲಿ 1,200 ಹೋಯಿತು. ಅದರಲ್ಲಿ ಬಹುಪಾಲು ಫಲಿತಾಂಶವನ್ನೇ ತಿರುಗಿಸಿ ಹೇಳಿದ್ದು. ಫಲಿತಾಂಶದ ಭಾಗದಲ್ಲಿ 800. ಅಲ್ಲಿ ಕೋಷ್ಟಕದಲ್ಲಿದ್ದ ಅಂಕಿಗಳನ್ನೇ ವಾಕ್ಯ ಮಾಡಿ ಮತ್ತೆ ಬರೆದಿದ್ದೆ. ಒಂದು ಹೀಗಿತ್ತು:

"ಕೋಷ್ಟಕ 2ರಲ್ಲಿ ತೋರಿಸಿರುವಂತೆ, ಮಳೆಗಾಲದ ನಂತರ ಮತ್ತು ಬೇಸಿಗೆಯಲ್ಲಿ ಅಳೆದ ನೀರಿನ ಮಟ್ಟಗಳನ್ನು ಪರಸ್ಪರ ಹೋಲಿಸಿ ನೋಡಿದಾಗ, ಕೆರೆಗೆ ಹತ್ತಿರವಿರುವ ಬಾವಿಗಳಲ್ಲಿ ಇಳಿಕೆಯು ಕಡಿಮೆ ಪ್ರಮಾಣದಲ್ಲಿರುವುದು ಕಂಡುಬಂದಿತು."

ಈಗ ಹೀಗಿದೆ: "ಕೆರೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಕಡಿಮೆ ಇಳಿಯಿತು (ಕೋಷ್ಟಕ 2)." ಫಲಿತಾಂಶ ಪೂರ್ತಿ ಉಳಿದಿದೆ, ನೋಡಿ. ಇಂಥ ವಾಕ್ಯದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ನಾಳೆ ತೆಗೆದುಹಾಕುವ ಪ್ಯಾರಾವನ್ನು ಇವತ್ತು ಕೂತು ತಿದ್ದಿದರೆ ಶ್ರಮ ಸುಮ್ನೆ ಹೋಗುತ್ತದೆ.

ವಿಧಾನದ ಭಾಗದಲ್ಲಿ ಮಾತ್ರ ಕೈ ಬಿಗಿಹಿಡಿದು ಕತ್ತರಿಸಿ. ನಾನು ಅಲ್ಲಿ ಒಂದು ತಪ್ಪು ಮಾಡಿದೆ. "ಬೆಳಿಗ್ಗೆ ಪಂಪ್ ಶುರು ಮಾಡುವ ಮೊದಲೇ ಎಲ್ಲ ಬಾವಿಗಳನ್ನೂ ಅಳೆಯಲಾಯಿತು" ಅನ್ನುವ ವಾಕ್ಯ ಸಣ್ಣ ವಿವರ ಅನ್ನಿಸಿ ತೆಗೆದುಬಿಟ್ಟೆ. ಪಂಪ್ ಓಡುವಾಗ ಬಾವಿಯ ನೀರು ಕೆಳಗಿಳಿದಿರುತ್ತದೆ. ಆಗ ಅಳೆದರೆ ಸಿಗುವುದು ನೆಲದ ನಿಜವಾದ ನೀರಿನ ಮಟ್ಟವಲ್ಲ. ಆ ಒಂದು ವಾಕ್ಯ ಇಲ್ಲದಿದ್ದರೆ ನನ್ನ ನಾಲ್ಕೂ ಫಲಿತಾಂಶಗಳನ್ನು ನಂಬುವ ಹಾಗಿಲ್ಲ. ಕಳಿಸುವ ಮುಂಚೆ ನಮ್ಮ ಸಹೋದ್ಯೋಗಿಯೊಬ್ಬರು ಓದಿ, "ಇದನ್ನು ಯಾವ ಹೊತ್ತಿಗೆ ಅಳೆದಿರಿ?" ಅಂತ ಕೇಳಿದಾಗಲೇ ನನಗೆ ಹೊಳೆದದ್ದು. ಅದಕ್ಕೇ ವಿಧಾನದಲ್ಲಿ ಏನೇ ತೆಗೆಯುವ ಮುಂಚೆ, "ಇದು ಇಲ್ಲದಿದ್ದರೆ ಓದುವವರು ಯಾವ ಫಲಿತಾಂಶವನ್ನು ಅನುಮಾನಿಸಬಹುದು?" ಅಂತ ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಆ ವಾಕ್ಯ ಇರಲಿ. ಬಾವಿಗಳ ಪೂರ್ತಿ ಪಟ್ಟಿ, ಉಪಕರಣದ ವಿವರ ಇಂಥವನ್ನು ಜರ್ನಲ್ ಒಪ್ಪಿದರೆ ಪೂರಕ ಫೈಲ್‌ಗೆ ಹಾಕಿ. ನನಗೆ ಈ ಭಾಗದಲ್ಲಿ ಕಡಿಮೆಯಾದದ್ದು 100 ಪದ ಮಾತ್ರ, ಅದೇ ಸರಿ.

ಹಾಗೆಯೇ "ಇರಬಹುದು", "ಈ ವರ್ಷದ ಮಟ್ಟಿಗೆ" ಅನ್ನುವಂಥ ಮಾತುಗಳನ್ನು ಪದ ಉಳಿಸಲು ಕಿತ್ತುಹಾಕಬೇಡಿ. ಒಂದೇ ವರ್ಷದ ಅಳತೆಯಿಂದ "ಕೆರೆ ನೀರು ಉಳಿಸುತ್ತದೆ" ಅಂದುಬಿಟ್ಟರೆ, ನಾನು ತೋರಿಸಿದ್ದಕ್ಕಿಂತ ಜಾಸ್ತಿ ಹೇಳಿದಂತಾಗುತ್ತದೆ. "ಇರಬಹುದು ಎಂದು ತೋರುತ್ತದೆ" ಅಂತ ಎರಡೆರಡು ಸಲ ಇದ್ದರೆ ಒಂದನ್ನು ತೆಗೆಯಿರಿ, ಸಾಕು.

ಎಲ್ಲ ಮುಗಿದ ಮೇಲೆ ಎರಡು ದಿನ ಬಿಟ್ಟು, ಈ ವಿಷಯ ಗೊತ್ತಿಲ್ಲದ ಗೆಳತಿಯೊಬ್ಬಳಿಗೆ ಪೇಪರ್ ಕೊಟ್ಟೆ. ಓದಿ ಮುಗಿಸಿ, ಏನೇನು ಗೊತ್ತಾಯಿತು ಅಂತ ಬರೆದುಕೊಡು ಅಂದೆ. ಅವಳು ಬರೆದದ್ದು ಮೂರೇ. ನನ್ನ ಹಾಳೆಯಲ್ಲಿದ್ದದ್ದು ನಾಲ್ಕು. ಹುಡುಕಿ ನೋಡಿದರೆ, ನಾಲ್ಕನೆಯದು ಪೇಪರ್‌ನಲ್ಲಿ ಇತ್ತು. ಆದರೆ ಎರಡು ಪ್ಯಾರಾ ಸೇರಿಸುವಾಗ ಅದು ಉದ್ದದ ಪ್ಯಾರಾವೊಂದರ ಕೊನೆಯ ವಾಕ್ಯವಾಗಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, ಹೊಸ ಪ್ಯಾರಾದ ಮೊದಲ ವಾಕ್ಯ ಮಾಡಿದೆ. ಅದಕ್ಕೆ ಒಂದೂ ಹೊಸ ಪದ ಬೇಕಾಗಲಿಲ್ಲ.