ಡಿವಿಡೆಂಡ್ ಕೊಡದ ಕಂಪನಿಯನ್ನು ಬಿಡಬೇಕೇ?

ಪ್ರಶ್ನೆ: ಒಂದೇ ಕಂಪನಿಯ 5,000 ಷೇರು ಇಟ್ಟುಕೊಂಡಿದ್ದೇನೆ, ಬೆಲೆ ನೂರರ ಆಸುಪಾಸು. ಡಿವಿಡೆಂಡ್ ಕೊಡುವುದೇ ಇಲ್ಲ. ಕಾಫಿ ಕೊಯ್ಲಿನ ಕೂಲಿಗೆ ವರ್ಷಕ್ಕೆ ಐವತ್ತು ಸಾವಿರ ಬೇಕು. ಷೇರು ಮಾರುತ್ತಾ ಹೋದರೆ ಅಸಲೇ ಕರಗುತ್ತದೆ, ಡಿವಿಡೆಂಡ್ ಕೊಡುವ ಕಂಪನಿಗೆ ಹೋಗಿ ಅನ್ನುತ್ತಾರೆ. ಹೋಗಲೇ? – ಓದುಗರು, ಮೂಡಿಗೆರೆ

ಉತ್ತರ: ಡಿವಿಡೆಂಡ್ ಆಸೆಯೊಂದಕ್ಕೇ ಆದರೆ ಬೇಡ. ಹಾಗೆ ಹೇಳಿದವರು ಡಿವಿಡೆಂಡ್ ಆಕಾಶದಿಂದ ಉದುರುತ್ತದೆ ಅಂದುಕೊಂಡಿದ್ದಾರೆ. ಅದು ಕಂಪನಿಯ ಗಲ್ಲಾದಿಂದ ಹೋಗುವ ಹಣ. ಹೋದಷ್ಟು ಷೇರಿನ ಬೆಲೆ ಇಳಿಯುತ್ತದೆ. ಅರ್ಥಶಾಸ್ತ್ರಜ್ಞರಾದ ಮಿಲ್ಲರ್ ಮತ್ತು ಮೊಡಿಲಿಯಾನಿ 1961ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಲೆಕ್ಕ ನೋಡಿ.

ಕಂಪನಿಯಲ್ಲಿ ಒಟ್ಟು 1,00,000 ಷೇರಿವೆ ಅನ್ನೋಣ. 100ರಂತೆ ಒಟ್ಟು ಬೆಲೆ 1 ಕೋಟಿ, ನಿಮ್ಮ ಪಾಲು ಶೇ 5. ಗಲ್ಲಾದಲ್ಲಿರುವ 10 ಲಕ್ಷ ಹೊಸ ಯಂತ್ರಕ್ಕೆಂದು ಎತ್ತಿಟ್ಟದ್ದು.

ಆ ಹಣವನ್ನು ಷೇರಿಗೆ 10 ರೂಪಾಯಿಯಂತೆ ಹಂಚಿಬಿಟ್ಟರು. ನಿಮಗೆ 50,000 ಬಂತು, ಷೇರು 90ಕ್ಕೆ ಇಳಿಯಿತು. ಯಂತ್ರವಂತೂ ಬೇಕೇ ಬೇಕು. ಹಾಗಾಗಿ 90ರಂತೆ ಸುಮಾರು 11,111 ಹೊಸ ಷೇರನ್ನು ಹೊರಗಿನವರಿಗೆ ಮಾರಿ 10 ಲಕ್ಷ ತಂದರು. ನಿಮ್ಮ 5,000 ಷೇರಿನ ಬೆಲೆ ಈಗ 4.5 ಲಕ್ಷ, ಪಾಲು ಶೇ 4.5.

ಹಂಚಲಿಲ್ಲ ಅನ್ನಿ. ನೀವೇ 500 ಷೇರನ್ನು 100ರಂತೆ ಮಾರಿ 50,000 ಮಾಡಿಕೊಂಡಿರಿ. ಉಳಿದ 4,500ರ ಬೆಲೆ 4.5 ಲಕ್ಷ, ಪಾಲು ಅದೇ ಶೇ 4.5. ಸ್ವಂತವಾಗಿ ಮಾಡಿಕೊಂಡ ಡಿವಿಡೆಂಡ್ ಎಂದರೆ ಇದೇ. ಮೊದಲನೆಯದರಲ್ಲಿ ನಿಮ್ಮ ಪಾಲನ್ನು ಕಂಪನಿ ಮಾರಿತು, ಎರಡನೆಯದರಲ್ಲಿ ನೀವು ಮಾರಿದಿರಿ. ಮೊದಲನೆಯದರಲ್ಲಿ ಷೇರಿನ ಎಣಿಕೆ ಹಾಗೇ ಇರುವುದರಿಂದ ಕರಗಿದ್ದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಡಿವಿಡೆಂಡ್ ಕೊಟ್ಟು ಯಂತ್ರವನ್ನೇ ಕೈಬಿಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ. ಹೂಡಿಕೆ ಬದಲಾಗಬಾರದು ಎಂಬುದು ಇದರ ಮೊದಲ ಷರತ್ತು. ತೆರಿಗೆ, ದಲ್ಲಾಳಿ ಖರ್ಚು ಇರಬಾರದು ಎಂಬುದೂ ಷರತ್ತೇ. ನಮ್ಮಲ್ಲಿ ಎರಡೂ ಇವೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 30ರ ಹಂತದಲ್ಲಿದ್ದರೆ 50,000ಕ್ಕೆ 15,000 ತೆರಿಗೆ, ಸೆಸ್ ಬೇರೆ. ಷೇರು ಮಾರಿದರೆ ತೆರಿಗೆ ಲಾಭಕ್ಕೆ ಮಾತ್ರ. 80ಕ್ಕೆ ಕೊಂಡಿದ್ದರೆ 500 ಷೇರಿನ ಲಾಭ 10,000. ಕೊಂಡು ವರ್ಷ ದಾಟಿದ್ದರೆ, ಅಂಥ ಲಾಭವೆಲ್ಲ ಸೇರಿ ವರ್ಷಕ್ಕೆ 1.25 ಲಕ್ಷದೊಳಗಿದ್ದರೆ, ಅದಕ್ಕೆ ತೆರಿಗೆ ಇಲ್ಲ. ವರ್ಷ ತುಂಬುವ ಮೊದಲೇ ಮಾರಿದರೆ ಶೇ 20. ಮಾರಿದ ದಿನವೆಲ್ಲ ಡಿಮ್ಯಾಟ್ ಶುಲ್ಕ ಬೀಳುತ್ತದೆ. ತಿಂಗಳು ತಿಂಗಳು ಚೂರುಪಾರು ಮಾರದೆ ಕೊಯ್ಲಿಗೆ ಮುಂಚೆ ಒಮ್ಮೆಲೇ ಮಾರಿ.

ಡಿವಿಡೆಂಡ್ ಚಿಂತೆಗಿಂತ, ಐದು ಲಕ್ಷವನ್ನೂ ಒಂದೇ ಕಂಪನಿಯಲ್ಲಿ ಇಟ್ಟಿರುವ ಚಿಂತೆ ಮಾಡಿ.

ಪ್ರಶ್ನೆ: ಡಿವಿಡೆಂಡ್‌ಗೆ ಹಿಂದಿನ ದಿನ ಕೊಂಡು, ಮರುದಿನ ಮಾರಿದರೆ ಲಾಭವಲ್ಲವೇ? – ಓದುಗರು, ಹಾಸನ

ಉತ್ತರ: ಅಲ್ಲ. 90ಕ್ಕೆ ಇಳಿದದ್ದನ್ನು ಮೇಲೆ ಓದಿ.

ಪ್ರಶ್ನೆ: ‘ಶೇ 200 ಡಿವಿಡೆಂಡ್’ ಎಂದು ವಾಟ್ಸಾಪ್‌ನಲ್ಲಿ ಬಂದಿದೆ, ಕೊಳ್ಳಲೇ? – ಓದುಗರು, ಚಿಕ್ಕಮಗಳೂರು

ಉತ್ತರ: ಅದು ಪೇಟೆಯ ಬೆಲೆಯ ಮೇಲಲ್ಲ, ಷೇರಿನ ಮುಖಬೆಲೆಯ ಮೇಲಿನ ಲೆಕ್ಕ. ಮುಖಬೆಲೆ 1 ರೂಪಾಯಿ ಇದ್ದರೆ ಸಿಗುವುದು 2 ರೂಪಾಯಿ. ಕಳಿಸಿದವರನ್ನು ಬ್ಲಾಕ್ ಮಾಡಿ.